8ನೇ ಕ್ಲಾಸಿಗೆ ವಾಲಿಬಾಲ್ ಪಾಠ, ಒಬ್ಬಳು ವೀಲ್‌ಚೇರಿನಲ್ಲಿದ್ದಾಳೆ: ಆಟವನ್ನು ಹೇಗೆ ಬದಲಿಸಲಿ?

ಅಂಗಳದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಪಿಇ ಟೀಚರ್. 8ನೇ ಕ್ಲಾಸಿನಲ್ಲಿ 42 ಮಕ್ಕಳು. ಈ ವರ್ಷ ಒಬ್ಬ ಹುಡುಗಿ ವೀಲ್‌ಚೇರಿನಲ್ಲಿ ಬರುತ್ತಿದ್ದಾಳೆ. ಕೈಯಲ್ಲಿ ಒಳ್ಳೆ ಶಕ್ತಿ ಇದೆ, ಕುರ್ಚಿಯನ್ನು ತಾನೇ ತಳ್ಳಿಕೊಂಡು ಓಡಾಡುತ್ತಾಳೆ. ಕಾಲಲ್ಲಿ ಸ್ವಾಧೀನ ಇಲ್ಲ.

ಈ ತಿಂಗಳು ವಾಲಿಬಾಲ್ ಪಾಠ. ಮೊದಲ ಪಿರಿಯಡ್‌ನಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ, ನೆಟ್ ಪಕ್ಕ ನಿಲ್ಲಿಸಿದೆ. ನೆಟ್ ಸ್ವಲ್ಪ ಇಳಿಸಿದ್ದೆ. 'ಬಾಲ್ ಹತ್ತಿರ ಬಂದರೆ ಹೊಡಿ' ಅಂದೆ. 12 ನಿಮಿಷ ಆಟ ಆಯಿತು. ಒಬ್ಬ ಹುಡುಗನಿಗೆ ಟಚ್ ಲೆಕ್ಕ ಹಾಕೋಕೆ ಹೇಳಿದ್ದೆ. ಅವಳಿಗೆ ಸಿಕ್ಕಿದ್ದು 3 ಟಚ್. ಅದರಲ್ಲಿ 2 ಅವಳದೇ ಸರ್ವಿಸ್. ಇನ್ನೊಂದು ಅವಳ ಭುಜಕ್ಕೆ ಬಡಿದು ಹೋದ ಬಾಲ್! ಅವಳೇನೂ ಹೇಳಲಿಲ್ಲ. ಮುಂದಿನ ಪಿರಿಯಡ್‌ಗೆ 'ಸಾರ್, ನಾನು ಸ್ಕೋರ್ ಬರೀಲಾ?' ಅಂದಳು. ಅದು ನನಗೆ ಚುಚ್ಚಿತು.

ಕೋರ್ಟ್ ಮುರಂ ಹಾಕಿದ್ದು. ಒಂದೇ ನೆಟ್, 5 ಬಾಲ್. 40 ನಿಮಿಷದ ಪಿರಿಯಡ್. ಇದೇ ಪರಿಸ್ಥಿತಿಯಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಪುತ್ತೂರು ಸ್ಮ್ಯಾಷರ್

ಇದು ಸುಲಭ ಮಾರಾಯ್ರೆ. ಸಿಟ್ಟಿಂಗ್ ವಾಲಿಬಾಲ್ ಆಡಿಸಿ. ಪ್ಯಾರಾಲಿಂಪಿಕ್ಸ್‌ನಲ್ಲಿ 1980ರಿಂದ ಇದೆ. ಕೋರ್ಟ್ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಇಡೀ ಕ್ಲಾಸನ್ನು ನೆಲದ ಮೇಲೆ ಕೂರಿಸಿ, ಅವಳನ್ನೂ ಕುರ್ಚಿಯಿಂದ ಇಳಿಸಿ. ಎಲ್ಲರೂ ಸಮಾನ, ಮುಗಿಯಿತು. ನಮ್ಮ ಕಡೆ ಒಂದು ಕಾಲೇಜಿನಲ್ಲಿ ಆಡಿಸಿದ್ದರು. ನಿಂತು ಆಡುವ ಹುಡುಗರೆಲ್ಲ ಹತ್ತು ನಿಮಿಷಕ್ಕೆ ಸುಸ್ತು!

ತಾಲ್ಲೂಕು ರೆಫರಿ

ಸರ್, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ವೀಲ್‌ಚೇರ್ ಇಟ್ಟುಕೊಂಡು ಟೀಮ್ ಇಳಿಸೋಕೆ ಆಗಲ್ಲ. ನೆಟ್ ಎತ್ತರ ಬದಲಿಸೋಕೂ ಬರಲ್ಲ. ಎದುರಾಳಿ ಟೀಮಿನವರು ತಕರಾರು ಎತ್ತಿದರೆ ನಿಮ್ಮ ಟೀಮ್ ಔಟ್. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಮಕ್ಕಳಿಗೆ ಬೇಜಾರಾಗುತ್ತೆ.

ಅಂಗಳದ ಮೇಷ್ಟ್ರು

@ತಾಲ್ಲೂಕು ರೆಫರಿ, ಸರ್, ಟೂರ್ನಮೆಂಟ್ ವಿಷಯ ಅಲ್ಲ. ಇದು ಕ್ಲಾಸಿನ ಪಾಠ ಅಷ್ಟೇ.

@ಪುತ್ತೂರು ಸ್ಮ್ಯಾಷರ್, ಯೋಚನೆ ಚೆನ್ನಾಗಿದೆ. ಆದರೆ ಮುರಂ ನೆಲದ ಮೇಲೆ ಕೂರಿಸಲಾ? ನಮ್ಮಲ್ಲಿ ಮ್ಯಾಟ್ ಇರೋದು ಎರಡೇ, ಅವೂ ಹೈಜಂಪಿಗೆ ಇಟ್ಟಿದ್ದು.

ಚಕ್ರದ ಕೋಚ್

ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ಮೊದಲು ಫಿಸಿಯೋಥೆರಪಿ ಕೆಲಸದಲ್ಲಿದ್ದೆ.

ಸಿಟ್ಟಿಂಗ್ ವಾಲಿಬಾಲ್ ಬಗ್ಗೆ ಪುತ್ತೂರಿನವರು ಕೊಟ್ಟ ಅಳತೆ ಸರಿ. ಆದರೆ ಆ ಆಟದಲ್ಲಿ ಬಾಲ್ ಆಡುವಾಗ ಕುಂಡಿ ನೆಲಕ್ಕೆ ತಾಗಿರಲೇಬೇಕು. ಓಡಾಟವೆಲ್ಲ ಕೈಯೂರಿ ಜಾರುತ್ತಾ ಹೋಗೋದು. ಹಾಗಾಗಿ ಸೊಂಟ ಗಟ್ಟಿ ಇದ್ದು, ಒಂದು ಕಾಲು ಇಲ್ಲದವರಿಗೆ ಅದು ಅದ್ಭುತ ಆಟ. ಈ ಹುಡುಗಿಯ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಅವಳಿಗೆ ಕುಂಡಿ, ತೊಡೆಯಲ್ಲಿ ಸ್ಪರ್ಶ ಗೊತ್ತಾಗುತ್ತಾ? ಗೊತ್ತಾಗದಿದ್ದರೆ ಮುರಂ ಮೇಲೆ ಐದು ನಿಮಿಷ ಜಾರಿದರೂ ಚರ್ಮ ಕಿತ್ತು ಹೋಗುತ್ತದೆ. ಅವಳಿಗೆ ನೋವೇ ಆಗಲ್ಲ, ಸಂಜೆ ಬಟ್ಟೆ ಬದಲಿಸುವಾಗ ಅಮ್ಮ ನೋಡಬೇಕು. ಅಂಥ ಗಾಯ ಮಾಯೋಕೆ ವಾರ, ಕೆಲವೊಮ್ಮೆ ತಿಂಗಳು. ಅಷ್ಟು ದಿನ ಕುರ್ಚಿಯಲ್ಲಿ ಕೂರೋ ಹಾಗಿಲ್ಲ ಅಂದರೆ ಸ್ಕೂಲೇ ತಪ್ಪಿತು.

ಮೇಷ್ಟ್ರೇ, ಕಾಲಿಗೆ ಸ್ವಾಧೀನ ಯಾಕೆ ಇಲ್ಲ ಅನ್ನೋದು ಗೊತ್ತಾ? ಪೋಲಿಯೋನಾ, ಬಿದ್ದು ಬೆನ್ನಿಗೆ ಪೆಟ್ಟಾಗಿದ್ದಾ, ಹುಟ್ಟಿನಿಂದಲಾ? ಪೋಲಿಯೋ ಆಗಿದ್ದರೆ ಸ್ಪರ್ಶ ಇರುತ್ತದೆ. ಬೆನ್ನುಹುರಿಯ ತೊಂದರೆ ಆಗಿದ್ದರೆ ಇಲ್ಲದಿರಬಹುದು. ಮನೆಯವರನ್ನು ಕೇಳಿ ಹೇಳಿ. ಆಮೇಲೆ ಮುಂದಿನದು ಮಾತಾಡೋಣ.

ರಂಗೋಲಿ ಟೀಚರ್

ನಾನು ಪ್ರೈಮರಿ ಶಾಲೆಯವಳು. ಬಾಲ್ ಬದಲು ಬಲೂನ್ ಕೊಡಿ ಸರ್! ನಿಧಾನಕ್ಕೆ ಬರುತ್ತೆ, ಪೆಟ್ಟಾಗಲ್ಲ, ಎಲ್ಲರಿಗೂ ಖುಷಿ. ನಮ್ಮ 3ನೇ ಕ್ಲಾಸಿನ ಮಕ್ಕಳು ಒಂದು ಗಂಟೆ ಆಡ್ತಾರೆ.

ಚಕ್ರದ ಕೋಚ್

ಬಲೂನ್ ಬಗ್ಗೆ ಸ್ವಲ್ಪ ತಡೀರಿ. ಅದಕ್ಕೂ ಕಾರಣ ಗೊತ್ತಾಗಬೇಕು. ಹುಟ್ಟಿನಿಂದ ಬೆನ್ನುಮೂಳೆ ಮುಚ್ಚದೆ ಹುಟ್ಟುವ ಮಕ್ಕಳಿದ್ದಾರೆ, ಸ್ಪೈನಾ ಬೈಫಿಡಾ ಅಂತಾರೆ. ಚಿಕ್ಕಂದಿನಿಂದ ಆಪರೇಷನ್, ಕ್ಯಾತಿಟರ್ ಅಂತ ರಬ್ಬರ್ ಸಾಮಾನಿನ ಜೊತೆ ಬೆಳೆದಿರ್ತಾರೆ. ಅವರಲ್ಲಿ ಲೇಟೆಕ್ಸ್ ಅಲರ್ಜಿ ಬೇರೆ ಮಕ್ಕಳಿಗಿಂತ ತುಂಬಾ ಜಾಸ್ತಿ. ಸಾಮಾನ್ಯ ಬಲೂನ್ ಅಂದರೆ ಲೇಟೆಕ್ಸೇ. ಕೆಲವರಿಗೆ ಮೈ ಕೆರೆತ, ಕೆಲವರಿಗೆ ಉಸಿರೇ ಕಟ್ಟಬಹುದು. ಬಲೂನ್ ಒಡೆದರೆ ಅದರ ಪುಡಿ ಗಾಳಿಯಲ್ಲೂ ಸೇರುತ್ತೆ. ಕೇಳದೆ ತರಬೇಡಿ.

ಅಂಗಳದ ಮೇಷ್ಟ್ರು

ಇವತ್ತು ಅವಳ ಅಮ್ಮನ ಜೊತೆ ಮಾತಾಡಿದೆ. ನೀವು ಕೇಳಿದ್ದು ಒಳ್ಳೇದಾಯ್ತು.

ಹುಟ್ಟಿದ ಮೂರನೇ ದಿನಕ್ಕೆ ಬೆನ್ನಿನ ಗಂಟಿನ ಆಪರೇಷನ್ ಆಗಿದೆ. ತೊಡೆಯಿಂದ ಕೆಳಗೆ ಸ್ಪರ್ಶ ಇಲ್ಲ. ಬಲೂನ್ ವಿಷಯ ಎತ್ತಿದ ಕೂಡಲೇ ಅಮ್ಮ 'ಬೇಡ ಸಾರ್, ತಂಗಿ ಬರ್ತ್‌ಡೇ ದಿನ ಬಲೂನ್ ಊದಿ ತುಟಿ ಊದಿಕೊಂಡಿತ್ತು, ಆಸ್ಪತ್ರೆಗೆ ಓಡಿದ್ವಿ' ಅಂದರು. ನಾನು ಕೇಳದಿದ್ದರೆ ಸೋಮವಾರ ಅಂಗಡಿಯಿಂದ ಒಂದು ಪ್ಯಾಕೆಟ್ ತಂದೇ ಬಿಡ್ತಿದ್ದೆ.

ತಲೆಯಲ್ಲಿ ತುಂಬಿದ ನೀರು ಇಳಿಸೋಕೆ ಶಂಟ್ ಅನ್ನೋ ನಳಿಕೆ ಹಾಕಿದ್ದಾರಾ ಅಂತಲೂ ಕೇಳಿದೆ, ಇಲ್ಲವಂತೆ. ಕುರ್ಚಿ ಕ್ಯಾಂಪಿನಲ್ಲಿ ಸಿಕ್ಕಿದ್ದು. ಮಡಚುವಂಥದ್ದು, ಭಾರ ಇದೆ, ಮುಂದಿನ ಚಕ್ರ ಚಿಕ್ಕದು. ಮುರಂನಲ್ಲಿ ಅದು ಹೂತುಕೊಳ್ಳುತ್ತೆ. ಅವತ್ತು ಅವಳು ಅಲ್ಲಾಡದೆ ಇದ್ದಿದ್ದು ಅದಕ್ಕೇ ಅಂತ ಈಗ ಹೊಳೀತಿದೆ. ನಾನು ಸಂಕೋಚ ಅಂದುಕೊಂಡಿದ್ದೆ.

ನೆಲಕ್ಕೆ ಇಳಿದು ಆಡ್ತೀಯಾ ಅಂತ ಅವಳನ್ನೇ ಕೇಳಿದೆ. 'ಕುರ್ಚಿ ಬಿಟ್ಟು ಇಳಿಯಲ್ಲ ಸಾರ್' ಅಂದಳು. ಆ ಬಾಗಿಲು ಮುಚ್ಚಿತು.

ಸ್ಕೋರರ್ ನಂ. 1

ಮೈಸೂರಿನಿಂದ. ನಾನೇ ವೀಲ್‌ಚೇರಿನವನು, ಈಗ 34 ವರ್ಷ. 'ಸ್ಕೋರ್ ಬರೀಲಾ' ಅನ್ನೋದನ್ನು ಓದಿ ನಗು ಬಂತು, ಆಮೇಲೆ ಬರಲಿಲ್ಲ. ಹೈಸ್ಕೂಲಿನ ಮೂರು ವರ್ಷ ನಾನು ಕ್ರಿಕೆಟ್, ಕಬಡ್ಡಿ, ಖೋ ಖೋ, ಎಲ್ಲದಕ್ಕೂ ಸ್ಕೋರರ್. ಖೋ ಖೋ ಸ್ಕೋರ್ ಶೀಟನ್ನು ನನ್ನಷ್ಟು ಅಚ್ಚುಕಟ್ಟಾಗಿ ಬರೆಯೋನು ಜಿಲ್ಲೆಯಲ್ಲೇ ಇರಲಿಲ್ಲ. ಬಾಲ್ ಮುಟ್ಟಿದ್ದು ಮಾತ್ರ ನೆನಪಿಲ್ಲ.

ಒಂದೇ ಮಾತು. ಅವಳಾಗಿ ಸ್ಕೋರ್ ಬರೀತೀನಿ ಅಂದರೆ ಅದು ಇಷ್ಟ ಅಂತಲ್ಲ. ಆಟದಲ್ಲಿ ಸುಮ್ನೆ ಕಂಬದ ಹಾಗೆ ನಿಲ್ಲೋದಕ್ಕಿಂತ ಅದು ವಾಸಿ ಅಂತ ಅಷ್ಟೇ.

ಪುತ್ತೂರು ಸ್ಮ್ಯಾಷರ್

ಸರಿ, ಇಳಿಯೋದು ಬೇಡ. ಹಾಗಾದರೆ ಅವಳನ್ನು ಲಿಫ್ಟರ್ ಮಾಡಿ. ಲಿಫ್ಟರ್ ಜಿಗಿಯಬೇಕಾಗಿಲ್ಲ, ನೆಟ್ ಪಕ್ಕ ಇದ್ದು ಎತ್ತಿ ಕೊಟ್ಟರಾಯಿತು. ಪ್ರತಿ ರ‍್ಯಾಲಿಯಲ್ಲೂ ಎರಡನೇ ಟಚ್ ಅವಳದ್ದೇ!

ಚಕ್ರದ ಕೋಚ್

ಲಿಫ್ಟರ್ ಅನ್ನೋದು ಕೇಳೋಕೆ ಚೆಂದ. ಆದರೆ 8ನೇ ಕ್ಲಾಸಿನ ಮಕ್ಕಳ ಮೊದಲ ಪಾಸ್ ಎಲ್ಲಿ ಹೋಗುತ್ತೆ ಅಂತ ನೆನಪು ಮಾಡಿಕೊಳ್ಳಿ. ಹತ್ತರಲ್ಲಿ ಎಂಟು ಬಾಲ್ ಲಿಫ್ಟರ್ ಇರೋ ಕಡೆ ಬರೋದೇ ಇಲ್ಲ. ಕಲಿಯೋರ ಆಟದಲ್ಲಿ ಎಲ್ಲರಿಗಿಂತ ಜಾಸ್ತಿ ಓಡೋನು ಲಿಫ್ಟರೇ. ಅದೂ ಪಕ್ಕಕ್ಕೆ, ಹಿಂದಕ್ಕೆ. ವೀಲ್‌ಚೇರ್ ಮುಂದಕ್ಕೆ ಜೋರಾಗಿ ಹೋಗುತ್ತೆ, ಹಿಂದಕ್ಕೆ ನಿಧಾನ, ಪಕ್ಕಕ್ಕೆ ಹೋಗೋದೇ ಇಲ್ಲ. ಪಕ್ಕಕ್ಕೆ ಹೋಗಬೇಕಾದರೆ ಮೊದಲು ತಿರುಗಬೇಕು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕುರ್ಚಿ ಬಳಸದ ಕೋಚ್‌ಗಳಿಗೆ ಇದು ಬೇಗ ಹೊಳೆಯಲ್ಲ, ನನಗೂ ಹೊಳೆದಿರಲಿಲ್ಲ. ಅವಳ ಕೈಗೆ ಎರಡು ಕೆಲಸ. ಬೇರೆ ಮಕ್ಕಳು ಕಾಲಲ್ಲಿ ಓಡ್ತಾರೆ, ಕೈಯಲ್ಲಿ ಆಡ್ತಾರೆ. ಅವಳು ಕೈಯಲ್ಲೇ ಓಡಬೇಕು, ಕೈಯಲ್ಲೇ ಆಡಬೇಕು. ಬಾಲ್ ಬರೋದು ಕಂಡ ಮೇಲೆ ಕೈ ಕೆಳಗಿಳಿದು ಚಕ್ರದ ರಿಂಗ್ ಹಿಡೀಬೇಕು, ಒಂದು ಸಲ ತಳ್ಳಬೇಕು, ಕುರ್ಚಿ ನಿಲ್ಲಿಸಬೇಕು, ಮತ್ತೆ ಕೈ ಮೇಲೆತ್ತಬೇಕು. ಚುರುಕಾದ ಮಕ್ಕಳಿಗೂ ಇದಕ್ಕೆ ಸುಮಾರು ಎರಡು ಸೆಕೆಂಡ್ ಬೇಕು. ಕೈಯಿಂದ 2 ಮೀಟರ್ ಎತ್ತರ ಹೋದ ಬಾಲ್ ಅದೇ ಮಟ್ಟಕ್ಕೆ ವಾಪಸ್ ಬರೋಕೆ ಒಂದೂಕಾಲು ಸೆಕೆಂಡ್ ಸಾಕು. ಅಲ್ಲೇ ಲೆಕ್ಕ ತಪ್ಪುತ್ತೆ. ನೆಟ್ ಇಳಿಸಿದಿರಲ್ಲ, ಅದರಿಂದ ಬಾಲ್ ಇನ್ನೂ ಚಪ್ಪಟೆಯಾಗಿ, ಇನ್ನೂ ಬೇಗ ಬಂತು. ನೀವು ಅವಳಿಗೆ ಸುಲಭ ಮಾಡೋಕೆ ಹೋಗಿ ಕಷ್ಟ ಮಾಡಿದ್ದೀರಿ.

ಹಾಗಾಗಿ ನನ್ನ ಲೆಕ್ಕದಲ್ಲಿ ಬದಲಿಸಬೇಕಾದದ್ದು ಎತ್ತರ ಅಲ್ಲ, ಸಮಯ. ಎರಡು ಸೆಕೆಂಡ್ ಎಲ್ಲಿಂದ ತರೋದು? ಒಂದು ಪುಟಿತದಿಂದ. ಬಾಲ್ ಒಮ್ಮೆ ನೆಲಕ್ಕೆ ಬಿದ್ದು ಎದ್ದ ಮೇಲೂ ಆಡಬಹುದು ಅಂತ ಮಾಡಿ. ಅವಳಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಅಂಗಳದ ಮೇಷ್ಟ್ರು

ಸರ್, ಮುರಂನಲ್ಲಿ ಬಾಲ್ ಪುಟಿಯಲ್ಲ. ಬಿದ್ದ ಕಡೆ ಧೂಳೆದ್ದು ಸತ್ತು ಹೋಗುತ್ತೆ. ಮೊಣಕಾಲಿಗೂ ಬರಲ್ಲ. ಅವಳು ಬಗ್ಗಿ ಹಿಡಿಯೋಕೆ ಹೋದರೆ ಮುಂದಕ್ಕೆ ಬೀಳ್ತಾಳೆ.

ಚಕ್ರದ ಕೋಚ್

ಸರಿಯಾಗಿ ಹೇಳಿದಿರಿ. ಪ್ರಾರ್ಥನೆ ಮಾಡುವ ಜಾಗ ಸಿಮೆಂಟಿನದಾ?

ಅಂಗಳದ ಮೇಷ್ಟ್ರು

ಹೌದು. ಧ್ವಜದ ಕಟ್ಟೆ ಮುಂದೆ ಕಾಂಕ್ರೀಟ್ ಇದೆ. ಒಂದು ಪಕ್ಕ ಗೋಡೆ. ಹೆಜ್ಜೆ ಹಾಕಿ ಅಳೆದೆ, 14 ಮೀಟರ್ ಉದ್ದ, 8 ಮೀಟರ್ ಅಗಲ. ವಾಲಿಬಾಲ್ ಕೋರ್ಟ್ 18 ಇಂಟು 9 ಆಗಬೇಕು, ಹಿಡಿಸಲ್ಲ.

ಚಕ್ರದ ಕೋಚ್

ಹಿಡಿಸೋದು ಬೇಡವೇ ಬೇಡ. 12 ಇಂಟು 6 ಎಳೀರಿ, ಸುತ್ತ ಒಂದು ಮೀಟರ್ ಉಳಿಯುತ್ತೆ. ಆ ಕಡೆ 4, ಈ ಕಡೆ 4 ಜನ. ಅಂದರೆ ಒಬ್ಬೊಬ್ಬರಿಗೆ 3 ಇಂಟು 3 ಮೀಟರ್ ಜಾಗ. ಕುರ್ಚಿಯಲ್ಲಿ ಒಂದು ತಳ್ಳಿಗೆ ಮುಟ್ಟಬಹುದಾದ ಜಾಗ ಅದು. ಸ್ಕೂಲಲ್ಲಿ ಬ್ಯಾಡ್ಮಿಂಟನ್ ನೆಟ್ ಇದೆಯಾ? ಅದರ ಕಂಬ 1.55 ಮೀಟರ್. ಮೇಲೆ ಒಂದು ಹಗ್ಗ ಎಳೆದು 1.8ಕ್ಕೆ ಏರಿಸಿ. ಅದಕ್ಕಿಂತ ಇಳಿಸಿದರೆ ಎತ್ತರದ ಹುಡುಗರು ಕೆಳಮುಖವಾಗಿ ಹೊಡೆಯೋಕೆ ಶುರು ಮಾಡ್ತಾರೆ. ಸ್ಮ್ಯಾಷ್ ಬೇಡ, ಬಾಲ್ ಕೈಬಿಟ್ಟಾಗ ಮೇಲ್ಮುಖವಾಗಿ ಹೋಗಬೇಕು ಅಂತ ಒಂದು ನಿಯಮ ಇರಲಿ.

ಇನ್ನು ಜಾಗ. ಅವಳನ್ನು ನೆಟ್ ಪಕ್ಕ ಬೇಡ, ಹಿಂದಿನ ಮೂಲೆಯಲ್ಲಿ ಇಡಿ. ಕುರ್ಚಿ ನೇರ ನೆಟ್ ಕಡೆಗಲ್ಲ, ಕೋರ್ಟಿನ ನಡುವಿನ ಕಡೆ ಓರೆಯಾಗಿ ಮುಖ ಮಾಡಿರಲಿ. ಹೀಗೆ ಕೂತರೆ ಅವಳ ಜಾಗಕ್ಕೆ ಬರುವ ಬಾಲ್ ಎಲ್ಲ ಮುಂದೆಯೇ ಬೀಳುತ್ತೆ. ತಲೆ ಮೇಲಿಂದ ಹಿಂದಕ್ಕೆ ಹೋಗಿದ್ದು ಔಟ್, ಬಿಟ್ಟುಬಿಡಲಿ. ಇದು ಬರೀ ಅನುಕೂಲಕ್ಕಲ್ಲ. ಮೇಲಿಂದ ಹಿಂದಕ್ಕೆ ಹೋಗೋ ಬಾಲಿಗೆ ಕೈ ಚಾಚಿ ತಲೆ ಹಿಂದಕ್ಕೆ ಎಸೆದರೆ ಆ ಬಗೆಯ ಕುರ್ಚಿ ಹಿಂದಕ್ಕೆ ಮಗುಚುತ್ತೆ. ಹಿಂದೆ ತಡೆಯೋ ಪುಟ್ಟ ಚಕ್ರ ಅದಕ್ಕೆ ಇರಲ್ಲ. ನಾನು ನೋಡಿರೋ ತಲೆ ಪೆಟ್ಟುಗಳೆಲ್ಲ ಹೀಗೇ ಆಗಿದ್ದು.

ಬ್ರೇಕ್ ಸರ್ವಿಸ್ ಮಾಡುವಾಗ ಮಾತ್ರ. ಆಟದಲ್ಲಿ ಬ್ರೇಕ್ ಬಿಟ್ಟಿರಬೇಕು. ಯಾರೂ ಹಿಂದೆ ನಿಂತು ಹ್ಯಾಂಡಲ್ ಹಿಡಿಯೋ ಹಾಗಿಲ್ಲ. ಸಹಾಯ ಅಂತ ಗೆಳತಿ ತಳ್ಳಿದಾಗ ಇವಳ ಬೆರಳು ರಿಂಗ್ ಮೇಲಿದ್ದರೆ ಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಪಾದ ಫುಟ್‌ರೆಸ್ಟಿನಿಂದ ಜಾರಿದರೂ ಅವಳಿಗೆ ಗೊತ್ತಾಗಲ್ಲ, ಒಂದು ವೆಲ್ಕ್ರೋ ಪಟ್ಟಿ ಹಾಕಿ.

ಸ್ಕೋರರ್ ನಂ. 1

ಕೋಚ್ ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರು. ಇಡೀ ಆಟ ಅದೇ ಮೂಲೆಯಲ್ಲಾ? ರೊಟೇಷನ್ ಇಲ್ಲದಿದ್ದರೆ ಅದು ವಾಲಿಬಾಲ್ ಹೇಗಾಗುತ್ತೆ? ಮೂಲೆಯಲ್ಲಿ ಕೂರಿಸಿದ ಅನುಭವ ನನಗೆ ಬೇಕಾದಷ್ಟಿದೆ.

ಚಕ್ರದ ಕೋಚ್

ನಿಮ್ಮ ಮಾತು ಒಪ್ಪಬೇಕು. ಆದರೆ ಕಾರಣ ಸುರಕ್ಷತೆ. ಮುಂದಿನ ಸಾಲಿನಲ್ಲಿ ಹಿಂದಿನವರು ಓಡಿ ಬಂದು ಫುಟ್‌ರೆಸ್ಟಿಗೆ ಮೊಣಕಾಲಿನ ಕೆಳಗೆ ಬಡಿಸಿಕೊಳ್ತಾರೆ. ಮೊದಲ ಎರಡು ಮೂರು ಪಿರಿಯಡ್ ಮೂಲೆ, ಅಷ್ಟರಲ್ಲಿ ಎಲ್ಲರಿಗೂ ಕುರ್ಚಿಯ ಅಂದಾಜು ಸಿಗುತ್ತೆ. ಆಮೇಲೆ ತಿರುಗಿಸಿ.

ಸ್ಕೋರರ್ ನಂ. 1

'ಮೊದಲ ಎರಡು ಮೂರು ಪಿರಿಯಡ್' ಅಂದಿದ್ದು ವರ್ಷವಿಡೀ ಆಗೋದು ನನಗೆ ಗೊತ್ತು ಸಾರ್. ಅವಳನ್ನೇ ಕೇಳಲಿ.

ಅಂಗಳದ ಮೇಷ್ಟ್ರು

ಈ ವಾರ ಮಾಡಿ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಪಾಠಕ್ಕೆ ಮೊದಲು ಊಟದ ಬಿಡುವಿನಲ್ಲಿ ಅವಳನ್ನು ಕಾಂಕ್ರೀಟ್ ಮೇಲೆ ಕರೆದೆ. ಕೈಯಲ್ಲಿ ಸೀಮೆಸುಣ್ಣ ಹಿಡಿದು, ಬೇರೆ ಬೇರೆ ಕಡೆ ಬಾಲ್ ಎಸೆದೆ. ಒಂದು ಪುಟಿತದ ಮೇಲೆ ಅವಳು ಎರಡೂ ಕೈಯಲ್ಲಿ ಮುಟ್ಟಿದ ಜಾಗಕ್ಕೆಲ್ಲ ನೆಲದ ಮೇಲೆ ಗುಂಡು ಹಾಕಿದೆ, ತಪ್ಪಿದ್ದಕ್ಕೆ ಅಡ್ಡಗೀಟು. ಇಪ್ಪತ್ತೈದು ಬಾಲ್ ಆದ ಮೇಲೆ ನೋಡಿದರೆ ಚಿತ್ರ ಸ್ಪಷ್ಟ. ಮುಂದೆ ಎರಡೂವರೆ ಮೀಟರ್ ತನಕ ಗುಂಡುಗಳೇ. ಬಲಕ್ಕೆ ಒಂದು ಮಾರು ತನಕ ಗುಂಡು, ಎಡಕ್ಕೆ ಅದರ ಅರ್ಧ. ಹಿಂದೆಲ್ಲ ಅಡ್ಡಗೀಟು. ಎಡಗೈ ಬಳಸೋದು ಕಡಿಮೆ ಅಂತ ಆಗಲೇ ಗೊತ್ತಾಗಿದ್ದು. ಹಾಗಾಗಿ ಹಿಂದಿನ ಎಡ ಮೂಲೆ ಕೊಟ್ಟೆ. ಎಡಗಡೆ ಲೈನ್, ಬಲಗಡೆ ಕೋರ್ಟ್.

ಅಂಡರ್‌ಹ್ಯಾಂಡ್ ಪಾಸ್ ಅವಳಿಗೆ ಬರಲಿಲ್ಲ. ಬಾಲ್ ಮುಂಗೈಗೆ ಬರೋ ಮೊದಲು ಮೊಣಕಾಲಿಗೆ ಬಡಿಯುತ್ತೆ. ಕೈ ಚಾಚಿದರೆ ಮೈ ಮುಂದಕ್ಕೆ ವಾಲುತ್ತೆ. ಪುಟಿದು ಮುಖದ ಮಟ್ಟಕ್ಕೆ ಬಂದ ಬಾಲನ್ನು ಎರಡೂ ಕೈ ಬೆರಳಲ್ಲಿ ಎತ್ತೋದು ಮಾತ್ರ ಸೊಗಸು. ಕುರ್ಚಿ ತಳ್ಳೋ ಕೈ ಅಲ್ವಾ, ಬೆರಳಲ್ಲಿ ಬಲ ಇದೆ. ಸರ್ವಿಸ್ ಕೆಳಗಿನಿಂದ, ಬಲಗಡೆಯ ಆರ್ಮ್‌ರೆಸ್ಟ್ ಕಳಚಿ. ಅದು ಕಳಚುತ್ತೆ ಅನ್ನೋದು ಅವಳಿಗೇ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ! ಎಂಡ್‌ಲೈನಿನಿಂದ ತಲುಪಲಿಲ್ಲ. ನೆಟ್‌ನಿಂದ 4 ಮೀಟರಿಗೆ ಒಂದು ಗೀಟು ಎಳೆದೆ, ಯಾರು ಬೇಕಾದರೂ ಅಲ್ಲಿಂದ ಮಾಡಬಹುದು. ಆರೇಳು ಮಕ್ಕಳು ಖುಷಿಯಿಂದ ಅಲ್ಲಿಗೇ ಬಂದರು.

ಮೊದಲ ಪಿರಿಯಡ್ ಚೆನ್ನಾಗಿ ಹೋಗಲಿಲ್ಲ. ಕಾರಣ ವಿಚಿತ್ರ. ಅವಳ ಪಕ್ಕದ ಹುಡುಗಿ ಒಳ್ಳೆ ಮನಸ್ಸಿನಿಂದ ಇವಳ ಬಾಲನ್ನೆಲ್ಲ ತಾನೇ ಓಡಿ ಬಂದು ಹೊಡೆಯುತ್ತಿದ್ದಳು. ಪುಟಿತ ಬೇರೆ ಇದೆಯಲ್ಲ, ಇಬ್ಬರಿಗೂ ಟೈಮ್ ಸಿಕ್ಕಿತು, ಓಡೋಳಿಗೆ ಇನ್ನೂ ಜಾಸ್ತಿ. 12 ನಿಮಿಷದಲ್ಲಿ ಇವಳಿಗೆ 5 ಟಚ್. ಆಮೇಲೆ 3 ಇಂಟು 3ರ ಚೌಕ ಎಳೆದೆ. ಪುಟಿದ ಬಾಲ್ ಯಾರ ಚೌಕದಲ್ಲಿ ಬಿತ್ತೋ ಅವರೇ ಮುಟ್ಟಬೇಕು, ಬಿಟ್ಟರೆ ಪಾಯಿಂಟ್ ಹೋಯಿತು. ನಾಲ್ಕೂ ಚೌಕಕ್ಕೆ ಅದೇ ನಿಯಮ. ಎರಡನೇ ಪಿರಿಯಡ್‌ನಲ್ಲಿ ಅದೇ 12 ನಿಮಿಷಕ್ಕೆ 14 ಟಚ್. ಅವಳ ಟೀಮಿನ ಉಳಿದವರಿಗೆ 11, 16, 13. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಬಾಕಿ 34 ಮಕ್ಕಳು? ಅದು ಇನ್ನೂ ಸರಿಹೋಗಿಲ್ಲ. ಒಂದು ಗುಂಪು ಗೋಡೆಗೆ ಬಾಲ್ ಹೊಡೆದು ಬೆರಳಿನ ಪಾಸ್ ಕಲಿಯೋದು, ಇನ್ನೊಂದು ಗುಂಪು ಮುರಂ ಕೋರ್ಟಿನಲ್ಲಿ, ಹತ್ತು ನಿಮಿಷಕ್ಕೆ ಬದಲಿ. 5 ಬಾಲ್ ಸಾಲಲ್ಲ.

ಚಕ್ರದ ಕೋಚ್

ಸೀಮೆಸುಣ್ಣದ ಗುಂಡು ಹಾಕಿದ್ದು ಬಹಳ ಚೆನ್ನಾಗಿದೆ, ನಾನು ಕದಿಯುತ್ತೇನೆ. ಎಡಗೈ ಕಡಿಮೆ ಅಂದಿರಲ್ಲ, ಅದನ್ನು ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಫಿಸಿಯೋಥೆರಪಿ ದಿನ ಒಮ್ಮೆ ತೋರಿಸಿ. ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಬಿಐಇಆರ್‌ಟಿ ಟೀಚರ್ ಬರ್ತಾರಲ್ಲ, ಅವರಿಗೆ ಹೇಳಿದರೂ ಸಾಕು. ಮೊದಲಿಂದಲೇ ಹಾಗಾ, ಈಚೆಗಾ ಅನ್ನೋದು ಮುಖ್ಯ. ಈಚೆಗೆ ಕಡಿಮೆಯಾಗಿದ್ದರೆ ತಡ ಮಾಡದೆ ಡಾಕ್ಟರಿಗೆ.

ತಾಲ್ಲೂಕು ರೆಫರಿ

ಓದ್ತಾ ಬಂದೆ. ಈಗ ನನಗೂ ವಿಷಯ ಅರ್ಥವಾಯಿತು. ಆದರೆ ಒಂದು ಮಾತು. ನಿಮ್ಮ ಕ್ಲಾಸಲ್ಲಿ ಚೆನ್ನಾಗಿ ಆಡೋ ಮೂರ್ನಾಲ್ಕು ಹುಡುಗರು ಇರ್ತಾರೆ. ಪುಟಿದ ಬಾಲ್ ಆಡಿ ಆಡಿ ಅವರ ಕಾಲು ಮಂದ ಆಗುತ್ತೆ. ಬಾಲ್ ಬೀಳಲಿ ಅಂತ ಕಾಯೋ ಚಾಳಿ ಬಿದ್ದರೆ ಬಿಡಿಸೋದು ಕಷ್ಟ. ಇದು ನನ್ನ ಅನುಭವ.

ಅಂಗಳದ ಮೇಷ್ಟ್ರು

ನಿಜ ಸರ್. ಇಬ್ಬರು ಹುಡುಗರು ಆಗಲೇ 'ಇದು ಹೆಣ್ಮಕ್ಕಳ ಆಟ' ಅಂತ ಗೊಣಗಿದರು. ಅದೇ ಹೆಣ್ಮಕ್ಕಳು ಅವರನ್ನು 15-9ಕ್ಕೆ ಸೋಲಿಸಿದರು, ಅದು ಬೇರೆ ವಿಷಯ.

ಪುತ್ತೂರು ಸ್ಮ್ಯಾಷರ್

ಹಾಗಾದರೆ ಪುಟಿತ ಇಲ್ಲದೆ ಮೂರು ಟಚ್‌ನಲ್ಲಿ ಆಚೆ ಕಳಿಸಿದ ಟೀಮಿಗೆ 2 ಪಾಯಿಂಟ್ ಕೊಡಿ. ಆಡೋ ಹುಡುಗರಿಗೂ ಆಸೆ ಇರುತ್ತದೆ.

ಚಕ್ರದ ಕೋಚ್

ಇದು ಒಳ್ಳೇದು. ನಾನೂ ಹೀಗೇ ಮಾಡ್ತೀನಿ.

ಸ್ಕೋರರ್ ನಂ. 1

ನನಗೆ ಒಪ್ಪಿಗೆ ಇಲ್ಲ. ಪುಟಿತ ಬೇಕಾಗೋದು ಜಾಸ್ತಿ ಅವಳಿಗೆ. ಅವಳ ಕೈಗೆ ಬಾಲ್ ಬಂದ ಪ್ರತಿ ಸಲ ಟೀಮಿಗೆ ಒಂದು ಪಾಯಿಂಟ್ ಖೋತಾ. ಎರಡು ದಿನದಲ್ಲಿ ಯಾರೂ ಅವಳಿಗೆ ಪಾಸ್ ಕೊಡಲ್ಲ. ಬಾಯಲ್ಲಿ ಹೇಳಲ್ಲ, ಆದರೆ ಕೊಡಲ್ಲ. ಟಚ್ ಲೆಕ್ಕ ಹಾಕ್ತಿದ್ದೀರಲ್ಲ ಮೇಷ್ಟ್ರೇ, ನೋಡಿ, 14 ಮತ್ತೆ 5 ಆಗುತ್ತೆ.

ಚಕ್ರದ ಕೋಚ್

ನನ್ನ ಮಕ್ಕಳೆಲ್ಲ ಕುರ್ಚಿಯಲ್ಲೇ ಇರೋದರಿಂದ ನನಗೆ ಈ ತೊಂದರೆ ಬಂದಿಲ್ಲ. ನೀವು ಹೇಳಿದ ಮೇಲೆ ಯೋಚನೆ ಆಗ್ತಿದೆ. ಆಡೋ ಹುಡುಗರಿಗೆ ಮುರಂ ಕೋರ್ಟಿನ ಸರದಿಯಲ್ಲಿ ಪುಟಿತ ಇಲ್ಲದ ಆಟ ಇದೆಯಲ್ಲ, ಅಷ್ಟು ಸಾಕಾಗಬಹುದು. ಸಾಕಾಗದಿದ್ದರೆ ಏನು ಅಂತ ನನ್ನ ಹತ್ತಿರ ಉತ್ತರ ಇಲ್ಲ.

ರಂಗೋಲಿ ಟೀಚರ್

ಸರ್, ಬಲೂನ್ ಹೇಳಿದ್ದಕ್ಕೆ ಕ್ಷಮೆ ಇರಲಿ, ನಿಜವಾಗಲೂ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲೂ ಅಂಥ ಒಬ್ಬ ಹುಡುಗ ಇದ್ದಾನೆ, ಇವತ್ತೇ ಅವರ ಮನೆಗೆ ಫೋನ್ ಮಾಡಿದೆ. ಬಲೂನ್ ಬದಲು ಪ್ಲಾಸ್ಟಿಕ್ ಬೀಚ್ ಬಾಲ್ ಆಗುತ್ತಾ?

ಚಕ್ರದ ಕೋಚ್

ಕ್ಷಮೆ ಯಾಕೆ ಮೇಡಂ, ಗೊತ್ತಿರೋರೇ ಕಡಿಮೆ. ಬೀಚ್ ಬಾಲ್ ಲೇಟೆಕ್ಸ್ ಅಲ್ಲ, ಆಗುತ್ತೆ. ರೂಮಿನೊಳಗೆ ಚೆನ್ನ. ಹೊರಗೆ ಗಾಳಿ ಬಂದರೆ ಅದು ಎಲ್ಲಿ ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಕುರ್ಚಿಯಲ್ಲಿರೋ ಮಗುವಿಗೆ ದಿಕ್ಕು ಬದಲಿಸೋ ಬಾಲ್ ಭಾರದ ಬಾಲಿಗಿಂತ ಕಷ್ಟ. ಮೇಷ್ಟ್ರೇ, ನಿಮ್ಮ ಬಾಲ್ ಯಾವುದು? ಹಳೇ ರಬ್ಬರ್ ಬಾಲ್ ಆಗಿದ್ದರೆ ಅದನ್ನೂ ಅವಳ ಅಮ್ಮನಿಗೆ ತೋರಿಸಿ ಕೇಳಿ.

ಅಂಗಳದ ಮೇಷ್ಟ್ರು

3 ರೆಗ್ಸಿನ್ ಹೊದಿಕೆಯದು, 2 ರಬ್ಬರಿನದು. ರಬ್ಬರಿನವು ಗೋಡೆ ಗುಂಪಿಗೆ ಹೋದವು. ಅವಳು ಗೋಡೆಗೆ ಹೋಗುವಾಗ ತನ್ನ ಬಾಲ್ ತಾನೇ ತೊಡೆ ಮೇಲಿಟ್ಟುಕೊಂಡು ಹೋಗ್ತಾಳೆ.

ಅಂಗಳದ ಮೇಷ್ಟ್ರು

ಇನ್ನೊಂದು ವಾರದ ಮೇಲೆ ಬರೀತಿದ್ದೇನೆ. ರೊಟೇಷನ್ ಬಗ್ಗೆ ಅವಳನ್ನೇ ಕೇಳಿದೆ. 'ಮುಂದೆ ಹೋಗ್ತೀನಿ, ಆದರೆ ಕುರ್ಚಿ ಓರೆ ಇಟ್ಟುಕೊಳ್ತೀನಿ' ಅಂದಳು. ಈಗ ನಾಲ್ಕೂ ಚೌಕ ಸುತ್ತುತ್ತಾಳೆ. ಮುಂದಿನ ಸಾಲಲ್ಲಿ ಟಚ್ ಕಡಿಮೆಯೇ, 12 ನಿಮಿಷಕ್ಕೆ ಒಟ್ಟು 10ಕ್ಕೆ ಇಳಿದಿದೆ. ಅವಳಿಗೆ ಅದು ಪರವಾಗಿಲ್ಲವಂತೆ. ಒಬ್ಬ ಹುಡುಗ ಫುಟ್‌ರೆಸ್ಟಿಗೆ ಕಾಲು ಬಡಿಸಿಕೊಂಡ, ತರಚಿತು. ಕೋಚ್ ಹೇಳಿದ ಹಾಗೇ ಆಯಿತು. ಫುಟ್‌ರೆಸ್ಟಿನ ತುದಿಗೆ ಹಳೆ ಸೈಕಲ್ ಗ್ರಿಪ್ ಸಿಕ್ಕಿಸಿದ್ದೇವೆ. ಅದು ಪ್ಲಾಸ್ಟಿಕ್ಕಿನದು ಅಂತ ನೋಡಿಯೇ ಹಾಕಿದ್ದು.

ಈಗ ಹೊಸ ಜಗಳ. ಶುಕ್ರವಾರ ಅವಳ ಸರ್ವಿಸಿಗೆ ಎದುರು ಟೀಮಿನವರು 'ಲೈನ್ ಟಚ್' ಅಂತ ಕೂಗಿದರು. ಮುಂದಿನ ಪುಟ್ಟ ಚಕ್ರ ಗೀಟಿನ ಮೇಲಿತ್ತು. ಅವಳು 'ನಾನು ಕೂತಿರೋದು ಹಿಂದಿನ ಚಕ್ರದ ಮೇಲೆ, ಅದು ಹಿಂದಿದೆ' ಅಂತ ವಾದ. ನಾನು ಪಾಯಿಂಟ್ ತಡೆಹಿಡಿದೆ. ರೆಫರಿ ಸಾಹೇಬ್ರೇ, ಏನಂತೀರಿ?

ತಾಲ್ಲೂಕು ರೆಫರಿ

ನಿಂತು ಸರ್ವಿಸ್ ಮಾಡುವವನ ಪಾದ ಗೀಟು ಮುಟ್ಟಿದರೆ ತಪ್ಪು. ಆದ್ದರಿಂದ ನೆಲಕ್ಕೆ ತಾಗಿದ್ದು ಏನೇ ಇದ್ದರೂ ಪಾದವೇ. ಮುಂದಿನ ಚಕ್ರವೂ ಪಾದ. ಲೈನ್ ಟಚ್.

ಚಕ್ರದ ಕೋಚ್

ಒಪ್ಪಲ್ಲ ಸರ್. ಸಿಟ್ಟಿಂಗ್ ವಾಲಿಬಾಲಿನಲ್ಲಿ ಆಟಗಾರ ಎಲ್ಲಿದ್ದಾನೆ ಅನ್ನೋದನ್ನು ಕುಂಡಿ ಇರೋ ಜಾಗದಿಂದ ನೋಡ್ತಾರೆ. ಸರ್ವಿಸ್ ಮಾಡುವಾಗ ಕಾಲು ಗೀಟಿನ ಆಚೆ ಚಾಚಿದ್ದರೂ ತಪ್ಪಲ್ಲ. ಆ ಲೆಕ್ಕದಲ್ಲಿ ಹುಡುಗಿಯ ವಾದ ಸರಿ, ಹಿಂದಿನ ಚಕ್ರವೇ ಲೆಕ್ಕ.

ಪುತ್ತೂರು ಸ್ಮ್ಯಾಷರ್

ನೋಡಿ, ಕೊನೆಗೆ ಸಿಟ್ಟಿಂಗ್ ವಾಲಿಬಾಲಿಗೇ ಬಂದಿರಲ್ಲ ಮಾರಾಯ್ರೆ!

ಅಂಗಳದ ಮೇಷ್ಟ್ರು

ಇಬ್ಬರದ್ದನ್ನೂ ಕ್ಲಾಸಿನಲ್ಲಿ ಓದಿ ಹೇಳಿದೆ. ಕೈ ಎತ್ತಿಸಿದೆ. 23 ಜನ ಮುಂದಿನ ಚಕ್ರ, 18 ಜನ ಹಿಂದಿನ ಚಕ್ರ. ಅವಳು ಸೋತಳು. ಒಬ್ಬ ಹುಡುಗ ಅವತ್ತು ಗೈರುಹಾಜರಿ, ಅವಳ ಟೀಮಿನವನೇ. ಸೋಮವಾರ ಅವನು ಬಂದ ಮೇಲೆ ಮತ್ತೆ ಕೈ ಎತ್ತಿಸಬೇಕಂತೆ. ಅವನೊಬ್ಬನಿಂದ ಗೆಲ್ಲೋಕೆ ಆಗಲ್ಲ ಅಂತ ಲೆಕ್ಕ ತೋರಿಸಿದೆ. 'ಶನಿವಾರ, ಭಾನುವಾರ ಇದೆಯಲ್ಲ ಸಾರ್, ಮೂರು ಜನರ ಮನೆಗೆ ಹೋಗಿ ಬರ್ತೀನಿ' ಅಂದಳು.